ತೊಡೆಮೂಳೆ ಹೇಳಿದ ತಿಂಗಳು

ಭದ್ರಾವತಿ ಜನ್ನಾಪುರದ ಸುವರ್ಣಮ್ಮನಿಗೆ ಕ್ಯಾಲೆಂಡರ್ ಬೇಕಿರಲಿಲ್ಲ. ಗೋಡೆಯ ಮೇಲೆ ಒಂದು ನೇತಾಡುತ್ತಿದ್ದುದು ನಿಜ, ಆದರೆ ಅದು ಮಗ ರೂಪೇಶ ಫ್ಯಾಕ್ಟರಿಯ ಪಾಳಿ ಗುರುತು ಹಾಕಿಕೊಳ್ಳಲಿಕ್ಕೆ. ಯಾರ ಮನೆಯ ಹುಡುಗಿ ಯಾವ ಹುಣ್ಣಿಮೆಗೆ ಮೈನೆರೆದಳು, ಯಾರ ಹಸು ಯಾವ ಅಮಾವಾಸ್ಯೆಗೆ ಈಯಬೇಕು, ಯಾರಿಗೆ ಎಷ್ಟು ತಿಂಗಳು, ಎಲ್ಲ ಆಕೆಯ ನಾಲಿಗೆ ತುದಿಯಲ್ಲೇ. ಸುವರ್ಣಮ್ಮ ಹೇಳಿದ ಮೇಲೆ ಮುಗೀತು ಅಂತ ಇಡೀ ಬೀದಿ ಒಪ್ಪಿಕೊಂಡಿತ್ತು. ಒಪ್ಪದೆ ಏನು ಮಾಡೀತು, ಒಪ್ಪದವರನ್ನು ಆಕೆ ಸುಮ್ಮನೆ ಬಿಟ್ಟರೆ ತಾನೇ!

ಅಂಥವಳ ಮುಂದೆ, ಶಿವಮೊಗ್ಗದ ಸವಳಂಗ ರಸ್ತೆಯ ಸ್ಕ್ಯಾನಿಂಗ್ ಸೆಂಟರಿನ ಕತ್ತಲೆ ಕೋಣೆಯಲ್ಲಿ, ಡಾಕ್ಟರ್ ಪ್ರಸನ್ನಕುಮಾರ್ ಎರಡನೇ ಸಲ ಅದೇ ಪ್ರಶ್ನೆ ಕೇಳಿಬಿಟ್ಟರು.

"ಕೊನೇ ಮುಟ್ಟಿನ ತಾರೀಖು ಸರಿಯಾಗಿ ಗೊತ್ತೇನಮ್ಮ?"

ಕೇಳಿದ್ದು ಮಂಚದ ಮೇಲೆ ಹೊಟ್ಟೆ ತೆರೆದು ಮಲಗಿದ್ದ ವೇದಾಳನ್ನು. ಉತ್ತರ ಬಂದದ್ದು ಅವಳ ತಲೆದೆಸೆಯಲ್ಲಿ ನಿಂತಿದ್ದ ಅತ್ತೆಯಿಂದ.

"ಗೊತ್ತಿಲ್ದೆ ಏನ್ ಸ್ವಾಮಿ? ಯುಗಾದಿ ಕಳೆದು ಎರಡು ವಾರಕ್ಕೆ ಹೊರಗೆ ಕೂತಿದ್ಲು. ಅದೇ ಕಡೇದು. ಅವಳ ಚಾಪೆ, ಚೊಂಬು ಎತ್ತಿಟ್ಟೋಳು ನಾನು. ನನ್ನ ಲೆಕ್ಕ ಇವತ್ತಿನವರೆಗೆ ತಪ್ಪಿಲ್ಲ. ಸಂಕ್ರಾಂತಿ ಕಳೆದು ಎರಡು ದಿನಕ್ಕೆ ದಿನ ತುಂಬುತ್ತೆ."

ಡಾಕ್ಟರು ವೇದಾಳ ಹೊಟ್ಟೆಗೆ ಇನ್ನೊಂದಿಷ್ಟು ಆ ತಣ್ಣನೆಯ ಅಂಟು ಹಚ್ಚಿ, ಕೈಯಲ್ಲಿದ್ದ ಹಿಡಿಯನ್ನು ಒತ್ತಿ ಓರೆ ಮಾಡಿದರು. ಟೀವಿಯಂಥ ಪರದೆಯ ಮೇಲೆ ಬೂದಿ ಬಣ್ಣದ ಮೋಡಗಳು ಸರಿದಾಡಿ, ಅವುಗಳ ನಡುವೆ ಒಂದು ಬೆಳ್ಳನೆಯ ಗೀಟು ಮೂಡಿತು. ಸೀಮೆಸುಣ್ಣದಲ್ಲಿ ಎಳೆದ ಹಾಗೆ ಸ್ಪಷ್ಟವಾಗಿತ್ತು. ಅದರ ಎರಡು ತುದಿಗೂ ಒಂದೊಂದು ಸಣ್ಣ ಗುರುತು ಇಟ್ಟು ಗುಂಡಿ ಒತ್ತಿದರು.

"ಏನದು?" ಎಂದಳು ಸುವರ್ಣಮ್ಮ. ಕೇಳದೆ ಇರುವುದು ಆಕೆಯ ಜಾಯಮಾನವಲ್ಲ.

"ಮಗುವಿನ ತೊಡೆಮೂಳೆ."

ಸುವರ್ಣಮ್ಮನ ಎದೆ ತುಂಬಿ ಬಂತು. ಇಷ್ಟುದ್ದದ ಮೂಳೆ ಇದೆ ಅಂದ ಮೇಲೆ ಕೂಸು ಗಟ್ಟಿಯಾಗಿಯೇ ಇದೆ ಅಂದುಕೊಂಡಳು. ಗಂಡೋ ಹೆಣ್ಣೋ ಕೇಳಬಾರದು ಅಂತ ಹೊರಗೆ ಬೋರ್ಡು ಹಾಕಿದ್ದರು. ಆಕೆಗೆ ಅದು ಬೇಕೂ ಇರಲಿಲ್ಲ. ಜೀವಂತ ಕೈಗೆ ಬಂದರೆ ಸಾಕಿತ್ತು.

ಯಾಕೆಂದರೆ ಇದು ಎರಡನೆಯ ಬಸಿರು. ಎರಡು ವರ್ಷದ ಕೆಳಗೆ ಮೊದಲ ಹೆರಿಗೆಗೆ ವೇದಾ ಹೊನ್ನಾಳಿ ಕಡೆಯ ತವರಿಗೆ ಹೋಗಿದ್ದಳು. ದಿನ ತುಂಬಿತು, ಮೀರಿತು, ಇನ್ನೊಂದು ವಾರವೂ ಹೋಯಿತು. 'ಚೊಚ್ಚಲು ತಡ ಆಗುತ್ತೆ, ನೋವು ತಾನಾಗಿ ಬರಲಿ' ಅಂತ ಅವರು ಕಾದರು. ಒಂದು ಬೆಳಿಗ್ಗೆ ಹೊಟ್ಟೆಯೊಳಗಿನ ಓಡಾಟ ನಿಂತೇ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಕೂಸನ್ನು ಸುವರ್ಣಮ್ಮ ನೋಡಿದ್ದಳು. ಉಗುರು ಕೂಡ ಬೆಳೆದಿತ್ತು. ಆವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು: ಇನ್ನೊಂದು ಸಲ ಇವಳು ಬಸುರಾದರೆ ತವರಿಗೆ ಕಳಿಸುವುದಿಲ್ಲ, ದಿನ ತುಂಬಿದ ಮೇಲೆ ಒಂದು ಗಳಿಗೆ ಕಾಯುವುದಿಲ್ಲ.

ಡಾಕ್ಟರು ದೀಪ ಹಾಕಿಸಿ, ಕುರ್ಚಿಯನ್ನು ಇವರ ಕಡೆ ತಿರುಗಿಸಿಕೊಂಡರು.

"ನೋಡೀಮ್ಮ, ನೀವು ಹೇಳೋ ತಾರೀಖಿಗೆ ಈಗ ಒಂಬತ್ತು ತಿಂಗಳು ತುಂಬ್ತಾ ಬಂತು. ಆದ್ರೆ ತೊಡೆಮೂಳೆ ಅಳತೆ ಸುಮಾರು ಒಂದು ತಿಂಗಳು ಹಿಂದಿದೆ. ತಲೆ, ಹೊಟ್ಟೆ ಸುತ್ತಳತೆನೂ ಅಷ್ಟೇ ಹಿಂದಿದೆ."

ಸುವರ್ಣಮ್ಮ ಪರದೆಯ ಕಡೆ ಬಗ್ಗಿದಳು. "ಅಂದ್ರೆ? ಮೂಳೆ ಗಿಡ್ಡನಾ? ನಮ್ಮ ವಂಶದಲ್ಲಿ ಯಾರೂ ಕುಳ್ಳರಿಲ್ಲಪ್ಪ!"

"ಹಾಗಲ್ಲ. ಮೂಳೆಯದೇ ರೋಗ ಆಗಿದ್ರೆ ಮೂಳೆ ಮಾತ್ರ ಗಿಡ್ಡ ಇರ್ತಿತ್ತು, ತಲೆ ಹೊಟ್ಟೆ ಸರಿ ಇರ್ತಿತ್ತು. ಸೊಟ್ಟಗೂ ಇಲ್ಲ ಅದು. ಇನ್ನು ಒಳಗೆ ಊಟ ಸಾಲದೆ ಸೊರಗಿದ್ರೆ ಮೊದ್ಲು ಹೊಟ್ಟೆ ಬಡವಾಗುತ್ತೆ, ಮೂಳೆ ಅಷ್ಟು ಬೇಗ ಸೊರಗಲ್ಲ. ಇಲ್ಲಿ ಮೂರೂ ಒಂದೇ ಸಮ ಹಿಂದಿವೆ. ಹಿಂಗಿದ್ರೆ ಎರಡರಲ್ಲಿ ಒಂದು. ಮಗು ಮೊದ್ಲಿಂದ್ಲೂ ನಿಧಾನ ಬೆಳೀತಿದೆ, ಇಲ್ಲಾ ತಾರೀಖೇ ಒಂದು ತಿಂಗಳು ತಪ್ಪಿದೆ."

"ತಾರೀಖು ತಪ್ಪಿಲ್ಲ."

"ಐದನೇ ತಿಂಗಳಲ್ಲಿ ಬಂದಿದ್ರೆ ಈ ಮೂಳೆ ನೋಡೇ ಒಂದು ವಾರ ಆಚೀಚೆ ಹೇಳಿಬಿಡ್ತಿದ್ದೆ. ಆಗ ಎಲ್ಲಾ ಮಕ್ಕಳದ್ದೂ ಹೆಚ್ಚುಕಮ್ಮಿ ಒಂದೇ ಅಳತೆ. ಈಗ ದಿನ ತುಂಬೋ ಹೊತ್ತಲ್ಲಿ ಮೂರು ವಾರ ಆಚೆಗೂ ಹೋಗಬಹುದು, ಈಚೆಗೂ ಬರಬಹುದು. ಒಂದೊಂದು ಮಗು ಒಂದೊಂದು ಉದ್ದ. ಯಾಕಮ್ಮ ಆಗ ಮಾಡಿಸ್ಲಿಲ್ಲ?"

ಸುವರ್ಣಮ್ಮ ಈಗ ಮಾತ್ರ ಗೋಡೆಯ ಕಡೆ ನೋಡಿದಳು. ಬರೆದುಕೊಟ್ಟಿದ್ದರು ಭದ್ರಾವತಿಯ ಡಾಕ್ಟರಮ್ಮ, ಜಯಶೀಲಾ. 'ಆ ಡಬ್ಬಿಯ ಕಿರಣ ಕೂಸಿಗೆ ತಾಗುತ್ತಂತೆ ಕಣ್ರೀ' ಎಂದು ಪಕ್ಕದ ಮನೆ ಭವಾನಿ ಹೆದರಿಸಿದ್ದಳು. ಅದಕ್ಕಿಂತ ಹೆಚ್ಚಾಗಿ, ಮೊದಲ ಕೂಸಿಗೆ ಸ್ಕ್ಯಾನಿಂಗ್ ಮಾಡಿಸಿಯೂ ಅದು ಉಳಿಯಲಿಲ್ಲವಲ್ಲ ಎಂಬ ಸಿಟ್ಟು. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ತಳ್ಳುತ್ತಾ ಬಂದವಳು ಆಕೆಯೇ.

ಡಾಕ್ಟರು ವೇದಾಳನ್ನೇ ನೋಡಿ ಮೆಲ್ಲಗೆ ಕೇಳಿದರು. "ನೀವು ಹೇಳಿ. ಆ ತಾರೀಖು ಆದ್ಮೇಲೆ ಮತ್ತೆ ಏನೂ ಆಗಿಲ್ವಾ?"

ವೇದಾ ಹೊಟ್ಟೆಯ ಅಂಟನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದಳು. ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸಿದಳು. "ಅತ್ತೆ ಹೇಳಿದ್ದೇ ಸರಿ," ಎಂದಳು.

"ಹಾಗಾದ್ರೆ ಎರಡು ವಾರ ಬಿಟ್ಟು ಇನ್ನೊಂದು ಸಲ ಅಳೀಬೇಕು. ಒಂದು ಸಲದ ಅಳತೆ ವಯಸ್ಸು ಹೇಳದೆ ಇರಬಹುದು, ಎರಡು ಅಳತೆ ಸೇರಿದ್ರೆ ಬೆಳೀತಿದ್ಯೋ ಇಲ್ವೋ ಅಂತ ಖಂಡಿತ ಹೇಳುತ್ತೆ."

"ಎರಡು ವಾರ!" ಸುವರ್ಣಮ್ಮನ ಮೈಯೆಲ್ಲ ಉರಿದುಹೋಯಿತು. "ಹೋದ ಸರ್ತಿನೂ ಹಿಂಗೇ ಕಾಯಿರಿ ಕಾಯಿರಿ ಅಂತ ಕಾಯ್ಸಿ ಮಣ್ಣಿಗೆ ಹಾಕಿಸಿದ್ರು!"

ಬಸ್ಸಿನಲ್ಲಿ ಭದ್ರಾವತಿಗೆ ವಾಪಸ್ ಬರುವಾಗ ವೇದಾ ಕಿಟಕಿಗೆ ತಲೆ ಆನಿಸಿದ್ದಳು. ಒಂದೆರಡು ಸಲ ಬಾಯಿ ತೆರೆದಳು, ಮುಚ್ಚಿದಳು. ಬಸ್ಸಿನ ಕುಲುಕಾಟಕ್ಕೆ ಸಂಕಟ ಆಗುತ್ತಿದೆ ಅಂದುಕೊಂಡು ಸುವರ್ಣಮ್ಮ ನಿಂಬೆಹಣ್ಣು ಕೈಗಿಟ್ಟಳು. ಬೀದಿಗೆಲ್ಲ ಕಣ್ಣಿಟ್ಟವಳಿಗೆ ಮಗ್ಗುಲಲ್ಲಿ ಕೂತವಳು ಕಾಣಲಿಲ್ಲ ನೋಡಿ!

ಭದ್ರಾವತಿಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಜಯಶೀಲಾ ರಿಪೋರ್ಟನ್ನು ಎರಡು ಸಲ ಓದಿದರು. ಜಯಶೀಲಾ ಕಟು ಮಾತಿನ ಹೆಂಗಸು, ಆದರೆ ಅವರ ಕೈಗುಣ ಒಳ್ಳೆಯದೆಂದು ಊರೆಲ್ಲ ಹೇಳುತ್ತಿತ್ತು. ಅಷ್ಟರಲ್ಲಿ ಪಾಳಿ ಮುಗಿಸಿ ರೂಪೇಶನೂ ಬಂದಿದ್ದ.

"ಸುವರ್ಣಮ್ಮ, ಸರಿಯಾಗಿ ಕೇಳಿಸ್ಕೊಳ್ಳಿ. ನೀವು ಹೇಳೋ ತಾರೀಖು ನಿಜ ಆದ್ರೆ ಈ ಮಗು ಒಳಗೆ ಬೆಳೀತಾ ಇಲ್ಲ. ಮೊದಲನೇದು ಬೇರೆ ಒಳಗೇ ಹೋಗಿದೆ. ಇಂಥ ಮಗೂಗೆ ಒಳಗಿಗಿಂತ ಹೊರಗೇ ವಾಸಿ. ನಾಡಿದ್ದು ಆಪರೇಷನ್ ಮಾಡಿ ತೆಗೆದುಬಿಡ್ತೀನಿ."

"ಅದೇ ನಾನೂ ಹೇಳೋದು!"

"ಪೂರ್ತಿ ಕೇಳ್ರಿ. ತಾರೀಖು ಒಂದು ತಿಂಗಳು ತಪ್ಪಾಗಿದ್ರೆ ಅದು ಸೊರಗಿದ ಮಗು ಅಲ್ಲ, ಎಳೇ ಮಗು. ತೆಗೆದ್ರೆ ಅದಕ್ಕೆ ಉಸಿರಾಡೋಕೆ ಬರದೆ ಹೋಗಬಹುದು. ಇಲ್ಲಿ ಅಂಥ ಕೂಸಿಗೆ ಉಸಿರು ಕೊಡೋ ಮೆಷೀನಿಲ್ಲ. ಮಣಿಪಾಲಕ್ಕೆ ಹೊತ್ಕೊಂಡು ಹೋಗೋವಷ್ಟರಲ್ಲಿ ಏನಾಗುತ್ತೋ ನಾನು ಹೇಳಲಾರೆ."

"ಮೇಡಂ, ಮೂಳೆ ಅಳತೆ ಎಂಟು ತಿಂಗಳು ಅಂತಿದ್ಯಲ್ಲ, ಎಂಟೇ ಅಂತ ಇಟ್ಕೊಂಡು ಕಾದ್ರೆ?" ಎಂದ ರೂಪೇಶ.

"ಅದೇ ಮೋಸ ಆಗೋದು. ಈಗಿನ ಅಳತೆ ನೋಡಿ ತಾರೀಖು ತಿದ್ದೋ ಹಾಗಿಲ್ಲಪ್ಪ. ಸೊರಗಿದ ಮಗೂನ 'ಎಳೇದು' ಅಂತ ಬರ್ಕೊಂಡು ಸುಮ್ನೆ ಕೂತ್ರೆ, ಅದು ಒಳಗೇ ಪ್ರಾಣ ಬಿಡುತ್ತೆ. ಎಲ್ಲಾ ನಿಂತಿರೋದು ಆ ಒಂದು ತಾರೀಖಿನ ಮೇಲೆ. ಕೊನೇ ಸಲ ಕೇಳ್ತೀನಿ. ಸರೀನಾ?"

"ಸರಿ," ಎಂದಳು ಸುವರ್ಣಮ್ಮ. ನಾಡಿದ್ದು ಬೆಳಿಗ್ಗೆ ಬಂದು ಸೇರಬೇಕೆಂದು ತೀರ್ಮಾನವಾಯಿತು.

ಆ ತಾರೀಖಿನ ಬಗ್ಗೆ ಆಕೆಗೆ ಅಷ್ಟು ಧೈರ್ಯ ಇರಲು ಕಾರಣ ಗೃಹಪ್ರವೇಶ. ಗಂಡ ಧರ್ಮಪ್ಪ ಕುಲುಮೆಯ ಮುಂದೆ ಮೂವತ್ತು ವರ್ಷ ಬೆಂದು, ನಿವೃತ್ತನಾದ ಮೇಲೆ ಜನ್ನಾಪುರದಲ್ಲಿ ಸ್ವಂತ ಮನೆ ಕಟ್ಟಿಸಿದ್ದ. ವೈಶಾಖ ಹುಣ್ಣಿಮೆಯ ಹಿಂದಿನ ದಿನ ಒಕ್ಕಲು. ಕಳಸ ಹಿಡಿದು ಹೊಸಿಲು ದಾಟುವವಳು ಯಾರು ಅಂತ ಮಾತು ಬಂದಾಗ, ಕೂಸು ಕಳೆದುಕೊಂಡವಳ ಕೈಯಲ್ಲಿ ಬೇಡ ಎಂದು ನೆಂಟರಲ್ಲಿ ಗುಸುಗುಸು ಎದ್ದಿತ್ತು. ಸುವರ್ಣಮ್ಮ ಸುಮ್ಮನಿದ್ದಾಳೆಯೇ? "ನನ್ನ ಸೊಸೆನೇ ಹಿಡೀತಾಳೆ, ನನ್ನ ಸೊಸೆನೇ ಹಾಲು ಉಕ್ಕಿಸ್ತಾಳೆ, ಆಗದೋರು ಊಟಕ್ಕೆ ಬರಬೇಡಿ" ಅಂತ ಅಂಗಳದಲ್ಲಿ ನಿಂತು ಕೂಗಿದ್ದಳು. ಆದರೆ ಒಳಗೊಳಗೇ ಒಂದು ಅಂಜಿಕೆ. ಲೆಕ್ಕದ ಪ್ರಕಾರ ಅದೇ ಹೊತ್ತಿಗೆ ವೇದಾ ಹೊರಗಾಗಬೇಕಿತ್ತು. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಕೇಳಿದಳು, ಸೀರೆ ಉಡಿಸುವಾಗ ಕೇಳಿದಳು, ಕಳಸ ಕೈಗಿಡುವಾಗಲೂ ಕಿವಿಯಲ್ಲಿ ಕೇಳಿದಳು: "ಎಲ್ಲಾ ಸರಿ ಇದೆ ತಾನೇ?" ಮೂರು ಸಲವೂ ವೇದಾ "ಸರಿ ಇದೆ ಅತ್ತೆ" ಅಂದಳು. ಮುಂದೆಯೂ ಹೊರಗೆ ಕೂರಲಿಲ್ಲ. ಕಳಸ ಹಿಡಿದಾಗಲೇ ಹೊಟ್ಟೆಯಲ್ಲಿ ಕೂಸಿತ್ತು ಅಂತ ಸುವರ್ಣಮ್ಮ ಇಡೀ ಜನ್ನಾಪುರಕ್ಕೆ ಹೇಳಿಕೊಂಡು ತಿರುಗಿದ್ದಳು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಒಕ್ಕಲಾಗಿ ತಿಂಗಳು ತುಂಬುವ ಮೊದಲೇ, ಹೊಸ ಅಂಗಳದಲ್ಲಿ ತೆಂಗಿನ ಸಸಿಗೆ ನೀರು ಹಾಕುತ್ತಿದ್ದ ಧರ್ಮಪ್ಪ ಎದೆ ಹಿಡಿದುಕೊಂಡು ಕೂತವನು ಮೇಲೆ ಏಳಲಿಲ್ಲ. ಅಂದಿನಿಂದ ಆಕೆಯದು ಒಂದೇ ಹಾಡು: "ಆ ಪೂಜೆಯಲ್ಲಿ ಎಲ್ಲೋ ಲೋಪ ಆಗಿದೆ. ಏನು ಮೈಲಿಗೆ ಆಯ್ತೋ, ಯಾರು ಮಾಡಿದ್ರೋ, ಅವರ ಮನೆ ಹಾಳಾಗ." ಊಟಕ್ಕೆ ಕೂತಾಗ, ದೀಪ ಹಚ್ಚುವಾಗ, ಬಂದವರ ಮುಂದೆ, ಹೋದವರ ಮುಂದೆ. ಕೇಳಿಸಿಕೊಳ್ಳಲು ಮನೆಯಲ್ಲಿ ಹಗಲೆಲ್ಲ ಇರುತ್ತಿದ್ದವಳು ವೇದಾ ಒಬ್ಬಳೇ.

ಆಪರೇಷನ್ನಿನ ದಿನ ಬೆಳಿಗ್ಗೆ ರೂಪೇಶ ಆಟೋ ತರಲು ಹೋದ. ಸುವರ್ಣಮ್ಮ ಹಳೆ ಸೀರೆಯ ಮೆತ್ತನೆ ತುಂಡುಗಳನ್ನು ಚೀಲಕ್ಕೆ ತುಂಬಿ, ದೇವರ ಗೂಡಿನ ಮುಂದೆ ದೀಪ ಹಚ್ಚಿದಳು. ಗೃಹಪ್ರವೇಶದ ಕಳಸದ ತಂಬಿಗೆ ಅಲ್ಲೇ ಇತ್ತು.

"ಬಾರೇ ವೇದಾ. ಕಳಸ ಮುಟ್ಟಿ ನಮಸ್ಕಾರ ಮಾಡಿ ಹೊರಡು."

ವೇದಾ ಹೊಸಿಲ ಆಚೆಯೇ ನಿಂತಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಹೊತ್ತಾಯ್ತು ಮಾರಾಯ್ತಿ, ಬಾ."

"ನಾನು ಮುಟ್ಟಲ್ಲ ಅತ್ತೆ."

"ಏನು?"

"ಅದನ್ನ ನಾನು ಮುಟ್ಟಲ್ಲ. ಒಂದು ಸರ್ತಿ ಮುಟ್ಟಿದ್ದೇ ಸಾಕು." ಅವಳು ಹೊಸಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಅವತ್ತು ಬೆಳಿಗ್ಗೆ ನಾನು ಹೊರಗಾಗಿದ್ದೆ. ಸ್ನಾನ ಮಾಡುವಾಗ ಗೊತ್ತಾಯ್ತು. ಅದೇ ಮೈಯಲ್ಲೇ ಕಳಸ ಹಿಡಿದೆ, ಹಾಲು ಉಕ್ಕಿಸಿದೆ. ಕಡೇ ಮುಟ್ಟು ಅವತ್ತಿನದು. ಯುಗಾದಿ ಆದ್ಮೇಲಿನದಲ್ಲ. ಕೂಸಿಗೆ ಇನ್ನೂ ಎಂಟೇ ತಿಂಗಳು ಅತ್ತೆ. ಅದನ್ನ ತೆಗೀಬೇಡಿ ಅಂತ ಹೇಳಿ."

ಸುವರ್ಣಮ್ಮನ ಕೈಯಿಂದ ಬೆಂಕಿಪೊಟ್ಟಣ ಬಿತ್ತು. ಮೊದಲು ನೆನಪಾದದ್ದು ಕೂಸಲ್ಲ. ತೆಂಗಿನ ಸಸಿಯ ಪಕ್ಕ ಒರಗಿದ್ದ ಗಂಡ, ಮಗುಚಿ ಬಿದ್ದ ಕೊಡ, ಅಂಗಳದಲ್ಲಿ ಹರಿಯುತ್ತಿದ್ದ ನೀರು.

"ತಿಂದ್ಯಲ್ಲೇ," ಎಂದಳು. "ನನ್ನ ಗಂಡನ್ನ ತಿಂದ್ಯಲ್ಲೇ. ಮೂರು ಸರ್ತಿ ಕೇಳಿದ್ನಲ್ಲೇ ನಿನ್ನ! ಒಂದು ಮಾತು ಅಂದಿದ್ರೆ ಏನಾಗ್ತಿತ್ತು ನಿಂಗೆ?"

"ಅಂದಿದ್ರೆ?" ವೇದಾ ಅಳುತ್ತಿರಲಿಲ್ಲ. ಅತ್ತು ಅತ್ತು ಖಾಲಿಯಾದವಳ ಮುಖ ಅದು. "ಅಂಗಳದ ತುಂಬಾ ನೆಂಟ್ರು. 'ನನ್ನ ಸೊಸೆನೇ ಹಿಡೀತಾಳೆ' ಅಂತ ನೀವು ಕೂಗಿದ್ರಿ. ಕೂಸು ಹೋದ್ಮೇಲೆ ನನ್ನ ಪರವಾಗಿ ಯಾರಾದ್ರೂ ಒಬ್ಬರು ಮಾತಾಡಿದ್ದು ಅದೇ ಮೊದಲು ಅತ್ತೆ. ಆಮೇಲೆ ನಾನು ಹೊರಗಾಗಿದೀನಿ ಅಂದಿದ್ರೆ, ನೋಡಿದ್ರಾ ದೇವರಿಗೇ ಬೇಡ ಇವಳು ಅಂತಿದ್ರು. ನೀವು ತಲೆ ತಗ್ಗಿಸ್ಬೇಕಾಗ್ತಿತ್ತು. ಅದಕ್ಕೇ ಹೇಳ್ಲಿಲ್ಲ. ಮಾವ ಹೋದ್ಮೇಲೆ ಹೇಗೆ ಹೇಳ್ಲಿ?"

ಹೊರಗೆ ಆಟೋ ಬಂದು ಹಾರನ್ ಹೊಡೆಯಿತು. ಮತ್ತೆ ಹೊಡೆಯಿತು. ಸುವರ್ಣಮ್ಮನಿಗೆ ಆಗ ವೇದಾಳ ಜುಟ್ಟು ಹಿಡಿದು ಬೀದಿಗೆಳೆಯಬೇಕು ಅನ್ನಿಸಿದ್ದು ಸುಳ್ಳಲ್ಲ. ಕೈ ಮುಂದೆ ಬಂದೂ ಇತ್ತು. ಅಷ್ಟರಲ್ಲಿ ವೇದಾಳ ಸೀರೆಯ ಕೆಳಗೆ ಹೊಟ್ಟೆಯ ಒಂದು ಪಕ್ಕ ಉಬ್ಬಿ, ಸರಿದು, ಇಳಿಯಿತು. ಕೂಸು ಒದ್ದಿತ್ತು. ಪರದೆಯ ಮೇಲೆ ಕಂಡ ಆ ಬಿಳಿ ಗೀಟು ಸುವರ್ಣಮ್ಮನ ಕಣ್ಣಮುಂದೆ ಬಂತು. ಗಿಡ್ಡವಲ್ಲ, ಸೊರಗಿದ್ದಲ್ಲ, ತನ್ನ ವಯಸ್ಸಿಗೆ ತಕ್ಕಷ್ಟೇ ಇದ್ದ ಮೂಳೆ. ಅದು ಮೊನ್ನೆಯೇ ನಿಜ ಹೇಳಿತ್ತು. ಸುಳ್ಳು ಎಂದು ಅದರ ಬಾಯಿ ಮುಚ್ಚಿಸಿದವಳು ತಾನು.

"ಅವ್ವಾ, ಬರ್ತೀರೋ ಇಲ್ವೋ?" ರೂಪೇಶ ಬಾಗಿಲಿಗೆ ಬಂದ. ಇಬ್ಬರ ಮುಖ ನೋಡಿ, "ಏನಾಯ್ತು?" ಎಂದ.

"ಏನಿಲ್ಲ. ನಡಿ," ಎಂದಳು ಸುವರ್ಣಮ್ಮ.

ನರ್ಸಿಂಗ್ ಹೋಮಿನಲ್ಲಿ ಜಯಶೀಲಾ ಎದುರಾದ ಕೂಡಲೇ ಸುವರ್ಣಮ್ಮ ಮಾತು ಹೊರಹಾಕಿದಳು. ತಡಮಾಡಿದರೆ ಗಂಟಲಿಂದ ಹೊರಡುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

"ಆಪರೇಷನ್ ಬೇಡ ಡಾಕ್ಟ್ರೇ. ತಾರೀಖು ತಪ್ಪು. ಆಮೇಲೂ ಒಂದು ಸರ್ತಿ ಹೊರಗಾಗಿದ್ಲು. ಗೃಹಪ್ರವೇಶದ ಗಲಾಟೇಲಿ ನಾನೇ ಮರೆತುಬಿಟ್ಟಿದ್ದೆ."

ಜಯಶೀಲಾ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು. "ಮರೆತೆ ಅಂದ್ರೇನ್ರೀ! ದೇವರಾಣೆ ಇಟ್ಟ ಹಾಗೆ ಹೇಳಿದ್ರಲ್ಲ ಮೊನ್ನೆ! ಇನ್ನೊಂದು ಗಂಟೆ ಬಿಟ್ಟು ಬಂದಿದ್ರೆ ಎಳೇ ಕೂಸನ್ನ ಹೊರಗೆಳೆದುಹಾಕಿರ್ತಿದ್ದೆ ನಾನು. ಆಮೇಲೆ ಯಾರು ಜವಾಬ್ದಾರಿ, ನೀವಾ?"

"ನಿನ್ನ ಲೆಕ್ಕ ನಿನ್ನ ಲೆಕ್ಕ ಅಂತ ಕೊನೆಗೆ ಹಿಂಗೆ ಮಾಡಿಟ್ಟೆಯಲ್ಲವ್ವ," ಎಂದ ರೂಪೇಶ, ನರ್ಸುಗಳ ಎದುರಿಗೇ. ಹುಟ್ಟಿದಾರಭ್ಯ ತಾಯಿಗೆ ಎದುರಾಡದ ಮಗ.

ಸುವರ್ಣಮ್ಮ ಎಲ್ಲವನ್ನೂ ನುಂಗಿಕೊಂಡಳು. ವೇದಾಳ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಅವಳನ್ನು ಉಳಿಸಬೇಕೆಂದು ಸುಳ್ಳು ಹೇಳಿದ್ದಲ್ಲ. ಆ ಮಾತು ನಾಲ್ಕು ಜನರ ಕಿವಿಗೆ ಬಿದ್ದರೆ ಗಂಡ ಸತ್ತದ್ದು ಹೇಗೆಂದು ಬೀದಿಯೆಲ್ಲ ಆಡಿಕೊಳ್ಳುತ್ತದೆ, ಅದು ಬೇಡವಾಗಿತ್ತು. ಹಾಗಂತ ಆಕೆ ತನಗೆ ತಾನೇ ಹೇಳಿಕೊಂಡಳು.

ಜಯಶೀಲಾ ಹೊಟ್ಟೆ ಮುಟ್ಟಿ ನೋಡಿ, ಎದೆಬಡಿತ ಕೇಳಿಸಿಕೊಂಡು, ಕೊನೆಗೆ ಹೇಳಿದರು. "ಈಗ ನೀವು ಹೇಳ್ತಿರೋದು ನಿಜ ಅಂತ ನಾನು ಹೇಗೆ ನಂಬ್ಲಿ? ಕಾಯೋಣ. ಆದ್ರೆ ದಿನ ಬಿಟ್ಟು ದಿನ ಬಂದು ಎದೆಬಡಿತ ತೋರಿಸ್ಬೇಕು. ಒದೆತ ಕಮ್ಮಿ ಅನ್ನಿಸಿದ್ರೆ ಆ ಕ್ಷಣ ಓಡಿ ಬರ್ಬೇಕು. ಸ್ಕ್ಯಾನಿಂಗ್ ಆಗಿ ಎರಡು ವಾರ ತುಂಬಿದ ಮೇಲೆ ಶಿವಮೊಗ್ಗಕ್ಕೆ ಹೋಗಿ ಮತ್ತೆ ಅಳೆಸ್ಕೊಂಡು ಬನ್ನಿ. ಮೂಳೆ ಬೆಳೆದಿದ್ರೆ ಬದುಕಿದ್ವಿ. ಬೆಳೀದೆ ನಿಂತಿದ್ರೆ ತಾರೀಖು ಯಾವುದಾದ್ರೂ ಆಗ್ಲಿ, ಅವತ್ತೇ ತೆಗೀತೀನಿ."

ಆ ದಿನಗಳನ್ನು ಸುವರ್ಣಮ್ಮ ಹೇಗೆ ಕಳೆದಳೋ, ಶತ್ರುವಿಗೂ ಬೇಡ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮುಂಚೆ ನಿಜ ಮುಚ್ಚಿಟ್ಟವಳು ಈಗ ಹೇಳುತ್ತಿರುವುದಾದರೂ ನಿಜವೇ? ಕತ್ತಿಗೆ ಹೆದರಿ ಈ ಕತೆ ಕಟ್ಟಿದ್ದರೆ? ಕಾಯುತ್ತಾ ಕೂತು ಇದೂ ಒಳಗೇ ಹೋದರೆ? ಸೊಸೆಯ ಜೊತೆ ಮಾತು ನಿಂತಿತ್ತು. ತಟ್ಟೆ ಇಡುತ್ತಿದ್ದಳು, ನೀರು ಕಾಯಿಸುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಆದರೆ ಗಂಟೆಗೊಮ್ಮೆ ಬಂದು ವೇದಾಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ಒದೆತ ಕೈಗೆ ತಾಗಿದ ಮೇಲೆ ಎದ್ದು ಹೋಗುತ್ತಿದ್ದಳು.

ಸಾವಿನ ಮನೆಯಾದ್ದರಿಂದ ಆ ವರ್ಷ ಸಂಕ್ರಾಂತಿ ಇರಲಿಲ್ಲ. ಬೀದಿಯ ಹುಡುಗಿಯರು ಎಳ್ಳು ಬೀರಲು ಓಡಾಡುತ್ತಿದ್ದರು. ಹಬ್ಬ ಕಳೆದು ಎರಡನೆಯ ದಿನ, ಆಕೆಯ ಲೆಕ್ಕದ ದಿನ, ಬೆಳಗಿನಿಂದ ಕೂಸು ಒದೆಯಲಿಲ್ಲ. ಸುವರ್ಣಮ್ಮ ಕೈಯಿಟ್ಟಳು, ಕಿವಿಯಿಟ್ಟಳು. ವೇದಾಳಿಗೆ ಬೆಲ್ಲದ ನೀರು ಕುಡಿಸಿ ಎಡಮಗ್ಗುಲಿಗೆ ಮಲಗಿಸಿದಳು. ಕಾಯಲಿಲ್ಲ, ಆಟೋ ಕೂಗಿಸಿಯೇಬಿಟ್ಟಳು. ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತುವಾಗ ಕೂಸು ಗುದ್ದಿತು, ಒಂದಲ್ಲ, ಮೂರು ಸಲ. ವೇದಾ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ಜಯಶೀಲಾ ಎದೆಬಡಿತ ಕೇಳಿ, ಚೆನ್ನಾಗಿದೆ, ನಿದ್ದೆ ಮಾಡ್ತಿತ್ತು ಅನ್ಸುತ್ತೆ ಅಂದರು. ವಾಪಸ್ ಬರುವಾಗ ಆಟೋದಲ್ಲಿ ಸುವರ್ಣಮ್ಮ ಎಷ್ಟೋ ದಿನಕ್ಕೆ ಬಾಯಿ ತೆರೆದಳು. "ಹೊನ್ನಾಳಿಯಲ್ಲೂ ಹಿಂಗೇ ಒಬ್ಳೇ ಹೊಟ್ಟೆ ಮುಟ್ಕೊಂಡು ಕೂತಿದ್ಯೇನೇ?" ಎಂದಳು. ವೇದಾ ತಲೆಯಾಡಿಸಿದಳು.

ಎರಡು ವಾರ ತುಂಬಿದ ಮೇಲೆ ಮತ್ತೆ ಸವಳಂಗ ರಸ್ತೆ, ಅದೇ ಕತ್ತಲೆ ಕೋಣೆ. ಈ ಸಲ ರಜೆ ಹಾಕಿ ರೂಪೇಶನೂ ಬಂದಿದ್ದ. ಪ್ರಸನ್ನಕುಮಾರ್ ತಲೆ ಅಳೆದರು, ಹೊಟ್ಟೆಯ ಸುತ್ತು ಅಳೆದರು. ಆಮೇಲೆ ಕೈ ಓರೆ ಮಾಡಿದರು. ಬೂದಿ ಮೋಡದಿಂದ ಆ ಬಿಳಿ ಗೀಟು ಎದ್ದು ಬಂತು. ಈ ತುದಿಗೆ ಗುರುತು. ಆ ತುದಿಗೆ ಗುರುತು. ಡಾಕ್ಟರು ಹಳೆಯ ಅಳತೆಯನ್ನು ನೋಡಿದರು, ಇನ್ನೊಂದು ಸಲ ಅಳೆದರು.

"ಬೆಳೆದಿದೆ," ಎಂದರು. "ತೊಡೆಮೂಳೆ ನಾಲ್ಕು ಮಿಲಿಮೀಟರ್ ಬೆಳೆದಿದೆ. ಈ ಹೊತ್ತಲ್ಲಿ ಎಷ್ಟು ಬೆಳೀಬೇಕೋ ಅಷ್ಟು. ತಲೆ, ಹೊಟ್ಟೆನೂ ಜೊತೆಗೇ ಬೆಳೆದಿವೆ. ಮಗು ಚೆನ್ನಾಗಿದೆಯಮ್ಮ. ತಾರೀಖೇ ತಪ್ಪಿತ್ತು."

ರೂಪೇಶ ಗೋಡೆಗೆ ಒರಗಿ ಎರಡೂ ಕೈಯಿಂದ ಮುಖ ಒರೆಸಿಕೊಂಡ. ವೇದಾ ಕಣ್ಣು ಮುಚ್ಚಿದ್ದಳು, ಕಣ್ಣ ತುದಿಯಿಂದ ನೀರು ಕಿವಿಗೆ ಇಳಿಯುತ್ತಿತ್ತು.

ಡಾಕ್ಟರು ರಿಪೋರ್ಟು ಬರೆಯಲು ಕೂತರು. "ಜಯಶೀಲಾ ಮೇಡಂ ಸರಿಯಾದ ತಾರೀಖು ಕೇಳಿದಾರೆ. 'ಆಮೇಲೆ ಒಂದು ಸರ್ತಿ' ಅಂದ್ರೆ ಸಾಲದು. ಯಾವತ್ತು? ಯಾರು ಹೇಳ್ತೀರಿ?"

ವೇದಾ ಕಣ್ಣು ತೆರೆದು ಗಂಡನನ್ನು ನೋಡಿದಳು, ಆಮೇಲೆ ಅತ್ತೆಯನ್ನು. ಅಪ್ಪನ ಹೆಣ ಹೊತ್ತ ಮಗ ಅಲ್ಲೇ ನಿಂತಿದ್ದ. ಒಂದೆರಡು ದಿನ ಆಚೆಗೋ ಈಚೆಗೋ ಹೇಳಿಬಿಟ್ಟರೆ ಯಾರಿಗೆ ಗೊತ್ತಾಗುತ್ತೆ ಅಂತ ಸುವರ್ಣಮ್ಮನಿಗೆ ಅನ್ನಿಸಿತು. ಹುಣ್ಣಿಮೆ ಕಳೆದ ಮೇಲೆ ಅಂದರೆ ಮುಗಿಯಿತು. ಆ ಸುಳ್ಳು ಬಾಯಿಗೂ ಬಂತು. ಪರದೆ ಇನ್ನೂ ಆರಿರಲಿಲ್ಲ. ಬಿಳಿ ಗೀಟು, ಅದರ ಎರಡು ತುದಿಯ ಗುರುತು, ಹಾಗೇ ನಿಂತಿದ್ದವು.

"ಬರ್ಕೊಳ್ಳಿ ಸ್ವಾಮಿ," ಎಂದಳು. "ವೈಶಾಖ ಹುಣ್ಣಿಮೆ ಹಿಂದಿನ ದಿನ. ನಮ್ಮ ಮನೆ ಗೃಹಪ್ರವೇಶದ ದಿನ."

ಡಾಕ್ಟರು ಪಂಚಾಂಗ ನೋಡಿ ತಾರೀಖು ಹುಡುಕಿ, ಬೆರಳು ಮಡಿಸಿ ಎಣಿಸಿದರು. "ಹಾಗಾದ್ರೆ ಶಿವರಾತ್ರಿ ಹೊತ್ತಿಗೆ ದಿನ ತುಂಬುತ್ತೆ."

ರೂಪೇಶ ಗೋಡೆ ಬಿಟ್ಟು ನೆಟ್ಟಗೆ ನಿಂತ. "ಅವ್ವ, ಏನ್ ಹೇಳ್ತಿದೀಯ? ಅವತ್ತು ಇವಳೇ ಅಲ್ವಾ ಕಳಸ ಹಿಡಿದಿದ್ದು?"

ವೇದಾ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸುವರ್ಣಮ್ಮ ಪಕ್ಕದಲ್ಲಿದ್ದ ಬಟ್ಟೆ ತೆಗೆದು, ಸೊಸೆಯ ಹೊಟ್ಟೆಗೆ ಮೆತ್ತಿದ್ದ ಅಂಟನ್ನು ಒರೆಸತೊಡಗಿದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಹೌದು," ಎಂದಳು, ಮಗನ ಕಡೆ ತಿರುಗದೆ. "ನಾನೇ ಹಿಡಿಸಿದ್ದು."